ಕಿವಿಗೆ ಒಂದು, ಕಣ್ಣಿಗೆ ಮೂರು

ಕಳೆದ ವರ್ಷದ ದಸರೆಯ ರಜೆಗೆ ಮುಂಚಿನ ಒಂದು ಸಂಜೆ. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು ಇಂಗ್ಲಿಷ್ ಪರೀಕ್ಷೆಯ ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟು, ಮಾತಾಡದೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಹೊಲದ ಚಿತ್ರವೊಂದನ್ನು ಕೊಟ್ಟು, ಅದನ್ನು ನೋಡಿ ನಾಲ್ಕು ವಾಕ್ಯ ಬರೆಯಲು ಹೇಳಿದ್ದರು. ವಾಕ್ಯಗಳು ನಾಲ್ಕು, ಉಪಾಧ್ಯಾಯರು ಎಳೆದ ಕೆಂಪು ವೃತ್ತಗಳೂ ನಾಲ್ಕು. ನಾಲ್ಕೂ ವೃತ್ತಗಳೊಳಗೆ ಇದ್ದುದು 'ದೇರ್' ಎಂದು ಉಚ್ಚರಿಸಲ್ಪಡುವ ಮಾತು.

"ಅಜ್ಜಾ, ಕಿವಿಗೆ ಮೂರೂ ಒಂದ ಕೇಳ್ತಾವ. ನಾ ಹ್ಯಾಂಗ ಬ್ಯಾರೆ ಮಾಡ್ಲಿ? ಮುಂದ ಸೈನ್ಸ್ ತಗೊಂಡ್ರ ಎಲ್ಲಾ ಇಂಗ್ಲಿಷಿನ್ಯಾಗ ಬರೀಬೇಕಂತ. ನನಗ ಅದು ಆಗೂದಿಲ್ಲ" ಎಂದಳು. ಲೆಕ್ಕದಲ್ಲಿಯೂ ವಿಜ್ಞಾನದಲ್ಲಿಯೂ ಚುರುಕಾದ ಹುಡುಗಿ ಒಂದು ಸಣ್ಣ ಶಬ್ದದ ದೆಸೆಯಿಂದ ತಾನು ಹಂಬಲಿಸಿದ ವಿದ್ಯೆಯನ್ನೇ ಬಿಟ್ಟುಕೊಡಲು ಸಿದ್ಧಳಾಗಿದ್ದಳು.

ನಾನು ಮಠದ ಪ್ರಸಾದನಿಲಯದಲ್ಲಿ ಬೆಳೆದವನು. ಕನ್ನಡ ಸಂಸ್ಕೃತಗಳ ವ್ಯಾಕರಣವನ್ನು ಹಿರಿಯರ ಪಾದಮೂಲದಲ್ಲಿ ಕಲಿತೆ. ಇಂಗ್ಲಿಷನ್ನು ಮಾತ್ರ ಬಹು ತಡವಾಗಿ, ತಪ್ಪುತ್ತ ಎಡವುತ್ತ ಕಲಿತೆ. ಆದುದರಿಂದ ಆ ಮಗುವಿನ ಸಂಕಟ ನನಗೆ ಹೊಸದಾಗಿರಲಿಲ್ಲ. 1985ರಲ್ಲಿ ನಿಲಯದ ಬಾಲಕರಿಗೆ ಅಕ್ಕಿಯ ನೆರವು ಕೋರಿ ಕಚೇರಿಯೊಂದಕ್ಕೆ ನಾನು ಇಂಗ್ಲಿಷಿನಲ್ಲಿ ಮನವಿ ಬರೆದಿದ್ದೆ. 'ಕಾಲೇಜಿನ ಪ್ರಿನ್ಸಿಪಾಲರು ಶಿಫಾರಸು ಮಾಡಿದ್ದಾರೆ' ಎಂಬುದು ಅದರ ಒಂದು ವಾಕ್ಯ. ಅಧಿಕಾರಿಗಳು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಏನ್ರೀ ಪಂಡಿತರೇ, ನಿಮ್ಮ ಕಾಲೇಜಿಗೆ ತತ್ತ್ವವೇ ಮುಖ್ಯಸ್ಥರೋ?" ಎಂದು ನಕ್ಕರು. ಕೂಡಿದ್ದ ಗುಮಾಸ್ತರೂ ನಕ್ಕರು. ಕೊನೆಯ ಎರಡು ಅಕ್ಷರಗಳಲ್ಲಿ ನಾನು ತಪ್ಪಿದ್ದೆನೆಂಬುದು ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಮೊಮ್ಮಗಳಿಗೆ ನಾನು ಹೇಳಿದ್ದು ಇದು: "ನೋಡವಾ, ತಪ್ಪು ನಿನ್ನ ಬುದ್ಧಿಯದಲ್ಲ. ನೀನು ಕನ್ನಡದ ಅಭ್ಯಾಸವನ್ನು ಇಂಗ್ಲಿಷಿಗೆ ಹಚ್ಚಿದ್ದೀ." ನಮ್ಮ ಬರವಣಿಗೆ ಬಹುಮಟ್ಟಿಗೆ ಕಿವಿಯನ್ನು ಅನುಸರಿಸುತ್ತದೆ. ಕೇಳಿದಂತೆ ಬರೆದರೆ ನಡೆಯುತ್ತದೆ. ಹಳಗನ್ನಡದಲ್ಲಿ ಖಡ್ಗಕ್ಕೆ 'ಬಾಳ್' ಎಂದೂ ಜೀವಿಸು ಎಂಬುದಕ್ಕೆ 'ಬಾೞ್' ಎಂದೂ ಎರಡು ಬೇರೆ ಮಾತುಗಳಿದ್ದವು. ಎರಡರ ಉಚ್ಚಾರವೂ ಬೇರೆ, ಅಕ್ಷರವೂ ಬೇರೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಳಕಾರಗಳ ಭೇದವನ್ನು ಜತನದಿಂದ ವಿವರಿಸಿದ್ದಾನೆ. ಮುಂದೆ ಆಡುವ ನಾಲಗೆಯಲ್ಲಿ ಆ ಎರಡು ಧ್ವನಿಗಳು ಒಂದಾದಾಗ ಬರೆಯುವ ಕೈಯೂ ಒಂದೇ ಅಕ್ಷರವನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟುಬಿಟ್ಟಿತು.

ಇಂಗ್ಲಿಷ್ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಎಂಬಾತನು ವೆಸ್ಟ್‌ಮಿನ್‌ಸ್ಟರಿನಲ್ಲಿ ಆ ದೇಶದ ಮೊದಲ ಮುದ್ರಣಾಲಯವನ್ನು ತೆರೆದನು. ಅಲ್ಲಿಂದ ಮುಂದಿನ ಎರಡು ಶತಮಾನಗಳಲ್ಲಿ ಅಚ್ಚಿನ ಮೊಳೆಗಳು ಕಾಗುಣಿತವನ್ನು ಹೆಚ್ಚುಕಡಿಮೆ ಗಟ್ಟಿಮಾಡಿದವು. ಅದೇ ಕಾಲದಲ್ಲಿ ಜನರ ಸ್ವರಗಳ ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. ಒಂದು ಕಾಲಕ್ಕೆ ಬೇರೆ ಬೇರೆಯಾಗಿ ಕೇಳುತ್ತಿದ್ದ ಮಾತುಗಳು ಬಾಯಲ್ಲಿ ಒಂದಾದವು. ಕಾಗದದ ಮೇಲೆ ಬೇರೆಯಾಗಿಯೇ ಉಳಿದವು. ಇಂಗ್ಲಿಷಿನ ಕಾಗುಣಿತವೆಂದರೆ ಇಂದಿನ ಧ್ವನಿಯ ಚಿತ್ರವಲ್ಲ, ಹಲವೆಡೆ ಅದು ಮಾತಿನ ವಂಶಾವಳಿ. ಆದುದರಿಂದ ಕಿವಿಯನ್ನು ಕೇಳದೆ, ಆ ಮಾತು ಯಾವ ಮನೆತನದ್ದು ಎಂದು ಕೇಳಬೇಕು.

ಮೂರು 'ದೇರ್'ಗಳನ್ನು ಹೀಗೆ ಮನೆತನ ಹಿಡಿದು ನೋಡೋಣ. ಅಲ್ಲಿ ಎಂಬ ಅರ್ಥದ ದೇರ್‌ನ ಅಕ್ಷರಗಳು ಟಿ-ಎಚ್-ಇ-ಆರ್-ಇ. ಇದರ ಮೊದಲ ಅಕ್ಷರವನ್ನು ಬೆರಳಿನಿಂದ ಮುಚ್ಚಿದರೆ ಎಚ್-ಇ-ಆರ್-ಇ, ಎಂದರೆ 'ಹಿಯರ್', ಇಲ್ಲಿ ಎಂಬ ಮಾತು ಕಾಣುತ್ತದೆ. ಎಲ್ಲಿ ಎಂಬರ್ಥದ 'ವೇರ್' ಶಬ್ದದ ಒಡಲಿನಲ್ಲಿಯೂ ಅದೇ ನಾಲ್ಕು ಅಕ್ಷರಗಳಿವೆ. ಇದು ಆಕಸ್ಮಿಕವಲ್ಲ. ನಮ್ಮ ಇಲ್ಲಿ, ಅಲ್ಲಿ, ಎಲ್ಲಿಗಳಂತೆ ಈ ಮೂರೂ ಹಳೆಯ ಇಂಗ್ಲಿಷಿನಿಂದ ಜೊತೆಯಾಗಿ ಬಂದ ಒಡಹುಟ್ಟಿದ ಮಾತುಗಳು.

ಅವರ ಎಂಬ ಅರ್ಥದ ದೇರ್ ಆ ಮನೆಯದಲ್ಲ. ಅದರ ಅಕ್ಷರಗಳು ಟಿ-ಎಚ್-ಇ-ಐ-ಆರ್. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದ ವೈಕಿಂಗರ ಭಾಷೆಯಿಂದ ಅದು ಬಂತು. ಅವರು, ಅವರ, ಅವರನ್ನು ಎಂಬರ್ಥದ ದೇ, ದೇರ್, ದೆಮ್ ಎಂಬ ಮೂರೂ ಸರ್ವನಾಮಗಳು ಆ ಜನರಿಂದ ಬಂದವು. ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಹಕಾರದಿಂದ ಮೊದಲಾಗುವ ಬೇರೆ ರೂಪಗಳಿದ್ದವು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಬರಹದಲ್ಲಿ ಅವರು ಎಂಬುದಕ್ಕೆ ಹೊಸ 'ದೇ' ಇದೆ. ಅವರ ಎಂಬುದಕ್ಕೆ ಇನ್ನೂ ಹಳೆಯ ಹಕಾರದ ರೂಪವೇ ಇದೆ. ಹೊಸ ಸೊಸೆ ಮನೆಗೆ ಬಂದು ಒಂದೊಂದೇ ಕೋಣೆಯ ಯಜಮಾನಿಕೆಯನ್ನು ವಹಿಸಿಕೊಂಡಂತೆ! ಹೀಗೆ ಈ ದೇರ್ ಎಂಬುದು 'ದೇ' ಎಂಬ ಅವರು ಶಬ್ದದ ಸಂತಾನ. 'ದೇ'ಯ ಅಕ್ಷರಗಳು ಟಿ-ಎಚ್-ಇ-ವೈ. ಅದರ ವೈ ಇಲ್ಲಿ ಐ ಆಗಿದೆ, ಕೊನೆಗೆ ಆರ್ ಸೇರಿದೆ. ಇಷ್ಟನ್ನು ತಿಳಿದವನಿಗೆ ಇದು ಮರೆಯುವುದಿಲ್ಲ.

ಇದೇ ಮಾತಿಗೆ ಶಾಲೆಗಳಲ್ಲಿ ಇನ್ನೊಂದು ಗುರುತನ್ನೂ ಹೇಳುವುದುಂಟು. ಟಿ ಅಕ್ಷರವನ್ನು ಮುಚ್ಚಿದರೆ ಉಳಿಯುವ ಎಚ್-ಇ-ಐ-ಆರ್ ಎಂಬುದು 'ಏರ್', ಅಂದರೆ ವಾರಸುದಾರ. ವಾರಸುದಾರನಿಗೆ ಆಸ್ತಿ ಸೇರುತ್ತದೆ; ಆದುದರಿಂದ ಇದು ಸ್ವಾಮ್ಯವನ್ನು ಹೇಳುವ ದೇರ್. ಇದು ಕಟ್ಟಿದ ಕತೆ. ವಾರಸುದಾರ ಎಂಬ ಆ ಮಾತು ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದದ್ದು. ಇದಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೂ ನೆನಪಿಗೆ ನೆರವಾಗುವುದಾದರೆ ಕಟ್ಟುಕತೆಯನ್ನೂ ಇಟ್ಟುಕೊಳ್ಳಬಹುದು, ಅದು ಕಟ್ಟುಕತೆಯೆಂದು ತಿಳಿದಿದ್ದರೆ ಸಾಕು.

ಮೂರನೆಯದು ಒಂದು ಸಂಧಿ. 'ದೇ' ಮತ್ತು 'ಆರ್' ಎಂಬ ಎರಡು ಪದಗಳು, ಎಂದರೆ ಅವರು ಇದ್ದಾರೆ ಎಂಬುದು, ಕೂಡಿದಾಗ ನಡುವಿನ ಎ ಅಕ್ಷರ ಲೋಪವಾಗುತ್ತದೆ. ಅದು ಹೋದ ಸ್ಥಳದಲ್ಲಿ ಮೇಲೆ ಒಂದು ಅಲ್ಪವಿರಾಮದಂಥ ಗುರುತನ್ನು ಇಡುತ್ತಾರೆ. ಅದಕ್ಕೆ ಅಪಾಸ್ಟ್ರಫಿ ಎಂದು ಹೆಸರು. ನಮಗೆ ಇದು ಅಪರಿಚಿತವಲ್ಲ. 'ಶಿವಃ' ಮತ್ತು 'ಅಹಂ' ಕೂಡಿದಾಗ 'ಶಿವೋಽಹಂ' ಎಂದು ಬರೆಯುತ್ತೇವೆ. ನಡುವಿನ ಅವಗ್ರಹವು 'ಇಲ್ಲಿ ಒಂದು ಅಕಾರವಿತ್ತು, ಹೋಯಿತು' ಎಂದು ಸಾರುತ್ತದೆ. ಅಪಾಸ್ಟ್ರಫಿಯೂ ಇಲ್ಲಿ ಅವಗ್ರಹದ ಕೆಲಸವನ್ನೇ ಮಾಡುತ್ತದೆ. ನಾನು ಹೀಗೆ ಹೇಳಿದಾಗ ಮೊಮ್ಮಗಳ ಮುಖದಲ್ಲಿ ಆ ಸಂಜೆಯ ಮೊದಲ ನಗೆ ಕಾಣಿಸಿತು.

ಆಮೇಲೆ ಆ ನಾಲ್ಕು ವಾಕ್ಯಗಳನ್ನು ಕೈಗೆತ್ತಿಕೊಂಡೆವು. ಮೊದಲನೆಯದು, 'ರೈತರು ತಮ್ಮ ಹೊಲಕ್ಕೆ ಹೋದರು' ಎಂಬುದು. ಅವಳು ಅಲ್ಲಿ ಎಂಬರ್ಥದ ದೇರ್ ಹಾಕಿದ್ದಳು. "ಅಲ್ಲಿ ಹೊಲಕ್ಕೆ ಹೋದರೋ, ತಮ್ಮ ಹೊಲಕ್ಕೆ ಹೋದರೋ?" ಎಂದೆ. ತಿದ್ದಿಕೊಂಡಳು. ಮೂರನೆಯದು, 'ಅವರು ನೀರು ಸೇದುತ್ತಿದ್ದಾರೆ' ಎಂಬುದು. ಅಲ್ಲಿಯೂ ಅದೇ ತಪ್ಪಿತ್ತು. ಸಂಧಿಯನ್ನು ಬಿಡಿಸಿ 'ದೇ ಆರ್' ಎಂದು ಓದಿಸಿದೆ. ವಾಕ್ಯ ಸರಿಯಾಗಿ ಕೂಡಿತು. ಬಿಡಿಸಿ ಓದಿದಾಗ ವಾಕ್ಯ ನಿಂತರೆ ಮಾತ್ರ ಲೋಪಚಿಹ್ನೆಯ ರೂಪವನ್ನು ಬರೆಯಬೇಕು ಎಂಬುದೇ ಅದರ ಪರೀಕ್ಷೆ. ನಾಲ್ಕನೆಯದು, 'ಅವರ ಎತ್ತುಗಳು ಮರದ ಕೆಳಗಿವೆ' ಎಂಬುದು. ಇಲ್ಲಿ ಮಾತನ್ನು ಸರಿಯಾಗಿ ಆರಿಸಿದ್ದಳು, ಆದರೆ ಐ ಅಕ್ಷರವನ್ನು ಇ ಅಕ್ಷರಕ್ಕಿಂತ ಮೊದಲು ಬರೆದಿದ್ದಳು. 'ಇ ಅಕ್ಷರದ ಮೊದಲು ಐ ಬರುತ್ತದೆ' ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಿಯಮವೇ ಅವಳನ್ನು ದಾರಿ ತಪ್ಪಿಸಿತ್ತು. ಇದಕ್ಕೆ ಒಂದು ಮದ್ದಿದೆ. ಮೂರು ದೇರ್‌ಗಳೂ ಟಿ-ಎಚ್-ಇ ಎಂಬ ಮೂರು ಅಕ್ಷರಗಳಿಂದಲೇ ಆರಂಭವಾಗುತ್ತವೆ. ಇಂಗ್ಲಿಷಿನಲ್ಲಿ ಮಗು ಎಲ್ಲಕ್ಕಿಂತ ಮೊದಲು ಕಲಿಯುವ 'ದಿ' ಎಂಬ ಮಾತು ಅದೇ. ಮೊದಲು ಅದನ್ನು ಬರೆದು, ಅನಂತರ ಉಳಿದುದನ್ನು ಯೋಚಿಸಿದರೆ ಐ ಮುಂದೆ ನುಗ್ಗಲಾರದು.

ಎರಡನೆಯ ವಾಕ್ಯವನ್ನು ಬೇಕೆಂದೇ ಕೊನೆಗೆ ಇಟ್ಟೆ. 'ಒಂದು ಬಾವಿ ಇದೆ' ಎಂಬುದು ಅವಳ ಮನಸ್ಸಿನಲ್ಲಿದ್ದ ಮಾತು. ಇಂಗ್ಲಿಷಿನಲ್ಲಿ ಇದನ್ನು 'ದೇರ್ ಈಸ್' ಎಂದು ಆರಂಭಿಸಬೇಕು. ಆದರೆ ಕನ್ನಡದ ವಾಕ್ಯದಲ್ಲಿ 'ಅಲ್ಲಿ' ಎಂಬುದೇ ಇಲ್ಲ! 'ಒಂದು ಕಾರಣವಿದೆ', 'ದೇವರಿದ್ದಾನೆ' ಎನ್ನುವಾಗ ನಾವು ಯಾವ ಸ್ಥಳವನ್ನೂ ತೋರಿಸುವುದಿಲ್ಲ. ಇಂಗ್ಲಿಷಿನವರಿಗೆ ಅಲ್ಲಿ ವಾಕ್ಯದ ಬಾಗಿಲಿಗೆ ಒಂದು ಬರಿಯ ದೇರ್ ಬೇಕು, ಅದಕ್ಕೆ ಅರ್ಥವಿಲ್ಲದಿದ್ದರೂ. ಕನ್ನಡದ ಮೂಲಕ ಅರ್ಥಮಾಡಿ ಆರಿಸುವ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ನಮ್ಮ ಮಕ್ಕಳು ಹೆಚ್ಚಾಗಿ ತಪ್ಪುವುದೂ ಇಲ್ಲಿಯೇ. ಆದುದರಿಂದ ಅರ್ಥವನ್ನು ಬಿಟ್ಟು ನೆರೆಹೊರೆಯನ್ನು ನೋಡಬೇಕು. ವಾಕ್ಯದ ಬಾಗಿಲಲ್ಲಿ ನಿಂತ ದೇರ್‌ನ ಪಕ್ಕದಲ್ಲಿಯೇ ಈಸ್, ಆರ್, ವಾಸ್, ವರ್ ಎಂಬ ಇರುವಿಕೆಯ ಕ್ರಿಯಾಪದವಿದ್ದರೆ ಅದು 'ಹಿಯರ್' ಮನೆತನದ ದೇರ್. ಅವರ ಎಂಬರ್ಥದ ದೇರ್‌ನ ಮುಂದಾದರೋ ಒಂದು ವಸ್ತುವಿನ ಹೆಸರು ಬೇಕೇ ಬೇಕು: ಹೊಲ, ಎತ್ತು, ಮನೆ. ನಡುವೆ ಒಂದು ವಿಶೇಷಣ ಬರಬಹುದು, ಆದರೆ ನಾಮಪದವಿಲ್ಲದೆ ಅದು ನಿಲ್ಲಲಾರದು. ಒಡೆತನವಿದ್ದಲ್ಲಿ ಒಡವೆಯೂ ಇರಬೇಕಲ್ಲವೆ?

ಕನ್ನಡದ ಪರೀಕ್ಷೆ ಕೈಕೊಡುವ ಇನ್ನೊಂದು ಎಡೆಯೂ ಉಂಟು. ಅದು ನಮ್ಮ ಸಂಸ್ಕಾರದಿಂದ ಬಂದದ್ದು. ಮರುದಿನ ಮೊಮ್ಮಗಳು ನನ್ನ ಬಗ್ಗೆಯೇ ಒಂದು ವಾಕ್ಯ ಬರೆದಳು: 'ಅಜ್ಜನವರು ತಮ್ಮ ಕೋಲು ಹಿಡಿದು ನಡೆಯುತ್ತಾರೆ' ಎಂದು. 'ತಮ್ಮ' ಎಂಬುದಕ್ಕೆ ಟಿ-ಎಚ್-ಇ-ಐ-ಆರ್ ಎಂದು ಕಾಗುಣಿತ ತಪ್ಪದೆ ಬರೆದಿದ್ದಳು. ಆದರೆ ಓದುವ ಇಂಗ್ಲಿಷಿನವನು 'ಯಾರ ಕೋಲು? ಬೇರೆ ಯಾರದೋ?' ಎಂದು ಕೇಳುತ್ತಾನೆ. ಹಿರಿಯರಿಗೆ ನಾವು ಕೊಡುವ ಗೌರವದ ಬಹುವಚನ ಇಂಗ್ಲಿಷಿನಲ್ಲಿಲ್ಲ. ಅಲ್ಲಿ ಅಜ್ಜನೂ ಒಬ್ಬನೇ. 'ಹಿಸ್' ಎಂದೇ ಬರೆಯಬೇಕು. ಅವಳಿಗೆ ಹಾಗೆ ಬರೆಯಲು ಕೈ ಬರಲಿಲ್ಲ. "ಬರೆ ಯವ್ವಾ, ನನಗೆ ಅಗೌರವವಾಗುವುದಿಲ್ಲ" ಎಂದು ಅಪ್ಪಣೆ ಕೊಡಬೇಕಾಯಿತು.

ಇಷ್ಟು ಸಲೀಸಾಗಿ ನಡೆಯಿತೆಂದು ಓದುಗರು ಭಾವಿಸಬಾರದು. ನಾನೂ ಒಂದು ದೊಡ್ಡ ತಪ್ಪು ಮಾಡಿದೆ. ಅವಳ ಉತ್ಸಾಹವನ್ನು ಕಂಡು, ಮೂರನೆಯ ಸಂಜೆ ಹೀಗೆ ಕೇಳುವ ಇಪ್ಪತ್ತು ಜೋಡಿಗಳ ಪಟ್ಟಿಯನ್ನು ಬರೆದು ಕೊಟ್ಟೆ. ಮರುದಿನ ಕೇಳಿದರೆ ಎಲ್ಲವೂ ಕಲಸುಮೇಲೋಗರ. ಮೊದಲು ಸರಿಯಾಗಿ ಬರುತ್ತಿದ್ದುವೂ ತಪ್ಪಿದವು. ಅವಳಿ ಮಕ್ಕಳನ್ನು ಒಟ್ಟಿಗೆ ತೋರಿಸಿ ಹೆಸರು ಹೇಳಿಕೊಟ್ಟರೆ ಎರಡೂ ಹೆಸರು ಎರಡೂ ಮುಖಗಳಿಗೆ ಅಂಟಿಕೊಳ್ಳುತ್ತವೆ. ಒಬ್ಬನನ್ನು ನಾಲ್ಕು ದಿನ ಬಳಸಿ ಪಳಗಿದ ಮೇಲೆ ಇನ್ನೊಬ್ಬನನ್ನು ಕಂಡರೆ 'ಇವನು ಅವನಲ್ಲ' ಎಂಬುದು ತಾನಾಗಿ ತಿಳಿಯುತ್ತದೆ. ಪಟ್ಟಿಯನ್ನು ಹರಿದುಹಾಕಿ, ವಾರಕ್ಕೆ ಒಂದೇ ಮಾತು ಎಂದು ನಿಯಮ ಮಾಡಿಕೊಂಡೆವು. ಜೋಡಿಯಲ್ಲಿ ಅರ್ಥ ಕಿರಿದಾದ ಒಂದನ್ನು ಗಟ್ಟಿಯಾಗಿ ಕಲಿಯುವುದು, ಮಿಕ್ಕ ಎಲ್ಲ ಎಡೆಗಳಲ್ಲಿಯೂ ಇನ್ನೊಂದನ್ನು ಬರೆಯುವುದು.

ನನ್ನ 1985ರ ಅಪಮಾನಕ್ಕೂ ಇದೇ ಮದ್ದು. 'ಪ್ರಿನ್ಸಿಪಲ್' ಎಂದು ಕೇಳುವ ಮಾತುಗಳು ಎರಡು. ತತ್ತ್ವ, ನಿಯಮ ಎಂಬ ಅರ್ಥದ್ದು ಎಲ್-ಇ ಎಂದು ಮುಗಿಯುತ್ತದೆ. ನಿಯಮ ಎಂಬುದೇ ಅರ್ಥವಾದ 'ರೂಲ್' ಎಂಬ ಮಾತೂ ಎಲ್-ಇ ಎಂದೇ ಮುಗಿಯುತ್ತದೆ. ಇದೊಂದನ್ನು ಹಿಡಿದರೆ ಸಾಕು. ಮಿಕ್ಕ ಅರ್ಥಗಳೆಲ್ಲಕ್ಕೂ ಎ-ಎಲ್ ಎಂದು ಮುಗಿಯುವ ರೂಪ. 'ಪ್ರಿನ್ಸಿಪಾಲರು ನಿನ್ನ ಗೆಳೆಯ' ಎಂದು ಗೆಳೆಯ ಎಂಬರ್ಥದ 'ಪಾಲ್' ಶಬ್ದವನ್ನು ಅದರ ಕೊನೆಯಲ್ಲಿ ತೋರಿಸಿಕೊಡುವ ರೂಢಿಯಿದೆ. ಅದು ಕಾಲೇಜಿನ ಅಂಗಳದವರೆಗೆ ಮಾತ್ರ ನಡೆಯುತ್ತದೆ. ಬ್ಯಾಂಕಿನ ಸಾಲಪತ್ರದಲ್ಲಿ ಬಡ್ಡಿಯಲ್ಲದ ಅಸಲಿಗೂ ಅದೇ ಮಾತು, ಅದೇ ಎ-ಎಲ್ ಕಾಗುಣಿತ. ಸಾಲದ ಅಸಲನ್ನು ಗೆಳೆಯನೆನ್ನಲು ಯಾರಿಗೆ ಮನಸ್ಸು ಬಂದೀತು? ನೆನಪಿನ ಗುರುತು ಒಂದೇ ಅರ್ಥಕ್ಕೆ ಅಂಟಿಕೊಂಡಿದ್ದರೆ ಹೀಗೆ ಮುಂದೆ ತೊಡಕಾಗುತ್ತದೆ.

ಅಂಗಡಿಗಳ ಹಲಗೆಗಳ ಮೇಲೆ ನಾವು ನಿತ್ಯ ಕಾಣುವ 'ಸ್ಟೇಷನರಿ' ಎಂಬುದು ಇನ್ನೊಂದು ಜೋಡಿ. ಕಾಗದ ಲೇಖನಿಗಳೆಂಬ ಅರ್ಥದ್ದು ಇ-ಆರ್-ವೈ ಎಂದೂ, ನಿಂತಲ್ಲೇ ನಿಂತಿರುವ ಎಂಬ ಅರ್ಥದ್ದು ಎ-ಆರ್-ವೈ ಎಂದೂ ಮುಗಿಯುತ್ತವೆ. ಇವು ಮೂಲದಲ್ಲಿ ಒಂದೇ ಬಳ್ಳಿಯ ಕಾಯಿಗಳು. ಮಧ್ಯಯುಗದ ಯುರೋಪಿನಲ್ಲಿ ಊರೂರು ತಿರುಗದೆ, ವಿದ್ಯಾಪೀಠದ ಬಳಿ ಒಂದೆಡೆ ಅಂಗಡಿಯಿಟ್ಟು ಗ್ರಂಥಗಳನ್ನು ಮಾರುತ್ತಿದ್ದವನಿಗೆ, ನೆಲೆನಿಂತವನೆಂಬ ಅರ್ಥದಲ್ಲಿ, ಇಂಗ್ಲಿಷಿನವರು 'ಸ್ಟೇಷನರ್' ಎಂದರು. ಲಂಡನ್ನಿನ ಅಂಥ ವ್ಯಾಪಾರಿಗಳ ಸಂಘಕ್ಕೆ 1557ರಲ್ಲಿ ರಾಜಮುದ್ರೆಯ ಸನ್ನದು ದೊರೆಯಿತು. ಅವನು ಮಾರುವ ಸರಕು ಸ್ಟೇಷನರಿ. ಟೀಚರ್, ಬೇಕರ್ ಎಂಬ ಕಸುಬಿನವರ ಹೆಸರುಗಳಂತೆ ಸ್ಟೇಷನರ್ ಕೂಡ ಇ-ಆರ್ ಎಂದು ಮುಗಿಯುತ್ತದೆ. ಅದಕ್ಕೆ ವೈ ಸೇರಿಸಿದರೆ ಅವನ ಸರಕು. ವ್ಯಾಪಾರಿಯನ್ನು ನೆನೆದರೆ ಅಕ್ಷರ ತಪ್ಪುವುದಿಲ್ಲ.

ಲೋಪಚಿಹ್ನೆಯ ಪಾಠ ಇನ್ನೊಂದು ಕಡೆಯೂ ಉಪಯೋಗಕ್ಕೆ ಬಂತು. 'ಇಟ್ಸ್' ಎಂಬ ಮಾತು ಅದರ ಎಂಬರ್ಥದಲ್ಲಿ ಚಿಹ್ನೆಯಿಲ್ಲದೆಯೂ, ಅದು ಇದೆ ಎಂಬರ್ಥದಲ್ಲಿ ಚಿಹ್ನೆಯೊಡನೆಯೂ ಬರುತ್ತದೆ. ರಾಮನ, ಊರಿನ ಎಂಬಲ್ಲಿ ನಾಮಪದಕ್ಕೆ ಚಿಹ್ನೆಯಿಟ್ಟು ಎಸ್ ಹಚ್ಚುವ ಪದ್ಧತಿ ಇರುವುದರಿಂದ ಮಕ್ಕಳು ಅದರ ಎಂಬುದಕ್ಕೂ ಚಿಹ್ನೆ ಇಡುತ್ತಾರೆ. ಅವನ ಎಂಬರ್ಥದ 'ಹಿಸ್' ಶಬ್ದಕ್ಕೆ ಚಿಹ್ನೆಯಿದೆಯೆ? ಇಲ್ಲ. ಅದರ ಸೋದರನಾದ ಇದಕ್ಕೂ ಇಲ್ಲ. ಬಿಡಿಸಿದಾಗ 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಎಂದು ಓದಬರುವಲ್ಲಿ ಮಾತ್ರ ಚಿಹ್ನೆ. ಇದಕ್ಕಿಂತ ಸುಲಭದ ಉಪಾಯವನ್ನೂ ಅವಳಿಗೆ ಹೇಳಿದೆ. ಅರ್ಜಿ, ಮನವಿ, ಪರೀಕ್ಷೆಯ ಪತ್ರಲೇಖನಗಳಲ್ಲಿ ಇಂಥ ಸಂಧಿರೂಪಗಳನ್ನು ಬಳಸದೆ ಎರಡು ಪದಗಳನ್ನೂ ಬಿಡಿಸಿ ಬರೆಯುವುದೇ ಶಿಷ್ಟಸಂಪ್ರದಾಯ. ಹಾಗೆ ಬರೆದರೆ ಮೂರು ದೇರ್‌ಗಳಲ್ಲಿ ಎರಡೇ ಉಳಿಯುತ್ತವೆ. ಇಟ್ಸ್ ಒಂದೇ ಉಳಿಯುತ್ತದೆ.

ಕೊನೆಯದಾಗಿ ಒಂದು ಅಭ್ಯಾಸ. ಬರೆದು ಮುಗಿಸಿದ ಮೇಲೆ ಪೂರ್ತಿ ಬರಹವನ್ನು ಅರ್ಥಕ್ಕಾಗಿ ಒಮ್ಮೆ ಓದುವುದು. ಮತ್ತೊಮ್ಮೆ ಅರ್ಥವನ್ನು ಬಿಟ್ಟು, ತನಗೆ ಕಾಟ ಕೊಡುವ ಮಾತುಗಳನ್ನಷ್ಟೇ ಬೆರಳಿಟ್ಟು ಹುಡುಕುವುದು. ಅರ್ಥಕ್ಕಾಗಿ ಓದುವಾಗ ಮನಸ್ಸು ಕಿವಿಯಿಂದಲೇ ಓದುತ್ತದೆ. ಕಿವಿಗೆ ಎಲ್ಲವೂ ಸರಿಯೆಂದೇ ಕೇಳುತ್ತದೆ. ಇಂಥ ತಪ್ಪು ತಪ್ಪಾಗಿ ಬರೆದ ಪದವಲ್ಲ, ಸರಿಯಾಗಿ ಬರೆದ ಬೇರೆ ಪದ. ಅಡಗಿ ಕುಳಿತುಕೊಳ್ಳಲು ಅದಕ್ಕೆ ಸುಲಭ.

ಈ ವರ್ಷದ ಬೇಸಿಗೆಯಲ್ಲಿ ಅವಳು ಪಿ.ಯು.ಸಿ. ವಿಜ್ಞಾನಕ್ಕೆ ಅರ್ಜಿ ಬರೆದಳು. ಬರೆದು ನನ್ನ ಕೈಗಿತ್ತು, ಸುಮ್ಮನೆ ಎದುರಿಗೆ ಕುಳಿತಳು. ಎರಡು ಕಡೆ ದೇರ್ ಬಂದಿತ್ತು, ಎರಡೂ ಸರಿಯಾಗಿದ್ದವು. ಕೆಳಗಡೆ 'ಪ್ರಿನ್ಸಿಪಾಲರಿಗೆ' ಎಂಬಲ್ಲಿ ಮೊದಲು ಎಲ್-ಇ ಬರೆದು, ಹೊಡೆದುಹಾಕಿ, ಎ-ಎಲ್ ಎಂದು ತಿದ್ದಿದ್ದಳು. "ಶುದ್ಧಪ್ರತಿ ಬರೀತೀನಜ್ಜಾ" ಎಂದು ಕೈ ಚಾಚಿದಳು. ಆ ಹೊಡೆದುಹಾಕಿದ ಪ್ರತಿಯನ್ನು ನಾನು ಅವಳಿಗೆ ಮರಳಿಸಲಿಲ್ಲ. 1985ರ ಆ ಮನವಿಯ ನಕಲು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಅದರೊಂದಿಗೆ ಇದನ್ನೂ ಮಡಿಸಿ ಇಟ್ಟಿದ್ದೇನೆ.